ಮಖಾನಾ ಹುರಿಯೋದು, ಹುರಿದದ್ದು ಮೆತ್ತಗಾಗದಂತೆ ಇಡೋದು: ಬಳ್ಳಾರಿ ಅಡುಗೆಮನೆಯ ಪೂರ್ತಿ ಲೆಕ್ಕ

ಕಳೆದ ಶ್ರಾವಣದಲ್ಲಿ ಗಂಗಾವತಿಯ ಅಕ್ಕನ ಮನೆಗೆ ಹೊರಟಾಗ ಕಾಲು ಕಿಲೋ ಮಖಾನಾ ಹುರಿದು, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹೋದೆ. ಬೆಳಿಗ್ಗೆ ಒಲೆಯಿಂದ ಇಳಿಸಿದಾಗ ಕುರುಂ ಕುರುಂ ಅನ್ನುತ್ತಿತ್ತು. ಸಂಜೆ ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡು, "ಹಲ್ಲಿಗೆ ಅಂಟ್ತಾವಲ್ಲೇ ಇವು, ಹುರಿದೀಯೋ ಇಲ್ಲೋ?" ಅಂದಳು. ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿದೆ. ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ನೀರಿನ ಹನಿಗಳು ಸಾಲಾಗಿ ಕೂತಿದ್ದವು. ಬಸ್ಸಿನ ಹೊತ್ತಾಯಿತೆಂದು ಬಿಸಿ ಇರುವಾಗಲೇ ಮುಚ್ಚಿದ್ದೆ. ಕಾಳಿನಿಂದ ಹೊರಟ ಹಬೆ ಬೇರೆಲ್ಲೂ ಹೋಗಲಾರದೆ ಮತ್ತೆ ಕಾಳಿಗೇ ಇಳಿದಿತ್ತು.

ಆ ಹನಿ ನೋಡಿದ ಮೇಲೆ ನಾನು ಹುರಿಯುವ ಕ್ರಮವನ್ನೇ ಬದಲಿಸಿದೆ. ಬಣ್ಣ ನೋಡಿ ಹುರಿಯೋದು ಬಿಟ್ಟು, ನೀರಿನ ಲೆಕ್ಕ ಇಟ್ಟುಕೊಂಡು ಹುರಿಯಲು ಶುರು ಮಾಡಿದೆ. ಇಲ್ಲಿ ಬರೆಯುತ್ತಿರೋದು ಆ ಕ್ರಮವನ್ನೇ.

ಮೊದಲು, ಕೈಯಲ್ಲಿರೋದು ಏನು ಅಂತ ತಿಳಿಯೋಣ

ನಮ್ಮ ಕಿರಾಣಿ ಅಂಗಡಿಗಳಲ್ಲಿ ಮಖಾನಾ ಪೊಟ್ಟಣದ ಮೇಲೆ ಎಷ್ಟೋ ಸಲ "ತಾವರೆ ಬೀಜ" ಅಂತಲೇ ಬರೆದಿರುತ್ತದೆ. ಆದರೆ ಎರಡೂ ಬೇರೆ ಬೇರೆ ಗಿಡದವು. ಮಖಾನಾ ಬರೋದು ಮುಳ್ಳು ತುಂಬಿದ ದೊಡ್ಡ ಎಲೆಯ, ನೈದಿಲೆ ಜಾತಿಯ ಒಂದು ನೀರಿನ ಗಿಡದಿಂದ. ನಮ್ಮ ದೇಶದ ಮಖಾನಾದಲ್ಲಿ ಬಹುಪಾಲು ಬಿಹಾರದ್ದು. ದರ್ಭಂಗಾ, ಮಧುಬನಿ ಕಡೆಯ ಕೆರೆಗಳು ಇದಕ್ಕೆ ಹೆಸರುವಾಸಿ. ಮಿಥಿಲಾ ಮಖಾನಾಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಿಜವಾದ ತಾವರೆ ಬೀಜ ಕಮಲದ ಹೂವಿನ ಕಾಯಿಯೊಳಗೆ ಬೆಳೆಯುವ ಗಟ್ಟಿ ಕಾಳು. ಅದನ್ನು ಹುರಿಯುವ ರೀತಿಯೇ ಬೇರೆ, ಕೊನೆಗೆ ಹೇಳುತ್ತೇನೆ.

ಮಖಾನಾದ ಬಗ್ಗೆ ತಿಳಿಯಬೇಕಾದ ದೊಡ್ಡ ಸಂಗತಿ ಅಂದರೆ, ನಾವು ತರುವ ಕಾಳು ಆಗಲೇ ಅರಳಿದ್ದು. ಕೆರೆಯ ತಳದಿಂದ ತೆಗೆದ ಕಪ್ಪು ಬೀಜವನ್ನು ಅಲ್ಲಿಯವರು ಒಣಗಿಸಿ, ಬಾಣಲೆಯಲ್ಲಿ ಕಾಯಿಸಿ, ಎರಡು ಮೂರು ದಿನ ಹಾಗೇ ಇಟ್ಟು, ಮತ್ತೆ ಜೋರಾಗಿ ಕಾಯಿಸಿ, ಬಿಸಿಬಿಸಿ ಇರುವಾಗಲೇ ಮರದ ಕೊಡತಿಯಿಂದ ಹೊಡೆಯುತ್ತಾರೆ. ಚಿಪ್ಪು ಒಡೆದು ಒಳಗಿನ ಹಿಟ್ಟು ಹೂವಿನಂತೆ ಅರಳುತ್ತದೆ. ನಮ್ಮ ಮಂಡಕ್ಕಿ ಹೇಗೆ ಭಟ್ಟಿಯಲ್ಲೇ ಅರಳಿ ಬರುತ್ತದೋ ಹಾಗೆ.

ಅಂದಮೇಲೆ ಮನೆಯಲ್ಲಿ ನಾವು ಮಾಡೋದು ಅರಳಿಸೋದಲ್ಲ, ಬೇಯಿಸೋದೂ ಅಲ್ಲ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕಾಳು ಗಾಳಿಯಿಂದ ಹೀರಿಕೊಂಡ ನೀರನ್ನು ಹೊರಗೆ ಹಾಕೋದು, ಅಷ್ಟೇ. ಅಂಗಡಿಯ ಮಖಾನಾದಲ್ಲಿ ನೂರಕ್ಕೆ ಹತ್ತು ಪಾಲಿನ ಆಸುಪಾಸು ನೀರಿರುತ್ತದೆ. ಕೈಗೆ ಒಣಗಿದ ಹಾಗೇ ಅನ್ನಿಸುತ್ತದೆ, ಹಲ್ಲಿಗೆ ಮಾತ್ರ ಗೊತ್ತಾಗುತ್ತದೆ.

ತರುವಾಗ ನೋಡಬೇಕಾದ್ದು

ಒಂದು ಕಾಳನ್ನು ಚಾಕುವಿನಿಂದ ಎರಡು ಹೋಳು ಮಾಡಿ. ಒಳಗೆ ಬೆಳ್ಳಗಿರಬೇಕು, ಸಣ್ಣ ತೂತು ಅಥವಾ ಕಂದು ಪುಡಿ ಇದ್ದರೆ ಹುಳ ಬಿದ್ದಿದೆ ಅಂತ ಅರ್ಥ. ಪೊಟ್ಟಣದ ತಳದಲ್ಲಿ ಹಿಟ್ಟಿನಂತಹ ಪುಡಿ ಜಾಸ್ತಿ ಇದ್ದರೂ ಬೇಡ. ಹೊರಗಿನ ಕೆಂಪು, ಕಪ್ಪು ಚುಕ್ಕೆಗೆ ಹೆದರಬೇಕಿಲ್ಲ, ಅದು ಬೀಜದ ಸಿಪ್ಪೆ. ಆದರೆ ಆ ಸಿಪ್ಪೆ ದಪ್ಪ ಚೂರಾಗಿ ಅಂಟಿಕೊಂಡಿದ್ದರೆ ಉಗುರಿನಿಂದ ಕಿತ್ತು ಹಾಕಿ, ಹಲ್ಲಿಗೆ ಕಲ್ಲಿನಂತೆ ತಾಗುತ್ತದೆ.

ವ್ಯಾಪಾರಿಗಳು ಗಾತ್ರವನ್ನು ಸೂತದ ಲೆಕ್ಕದಲ್ಲಿ ಹೇಳುತ್ತಾರೆ. 4 ಸೂತ, 5 ಸೂತ, 6 ಸೂತ ಅಂತ. ಸಂಖ್ಯೆ ದೊಡ್ಡದಾದಷ್ಟು ಕಾಳು ದೊಡ್ಡದು, ಬೆಲೆಯೂ ಜಾಸ್ತಿ. ದೊಡ್ಡದೇ ಬೇಕು ಅಂತಿಲ್ಲ. ಆದರೆ ದೊಡ್ಡದು, ಸಣ್ಣದು ಕಲಸಿದ ಮಾಲು ಸಿಕ್ಕರೆ ಮೊರದಲ್ಲಿ ಕೇರಿ ಬೇರೆ ಮಾಡಿ, ಎರಡು ಸಲ ಹುರಿಯಿರಿ. ಒಟ್ಟಿಗೆ ಹಾಕಿದರೆ ಸಣ್ಣದು ಕಂದುವ ಹೊತ್ತಿಗೆ ದೊಡ್ಡದರ ಹೊಟ್ಟೆ ಇನ್ನೂ ಹಸಿಯಾಗಿರುತ್ತದೆ.

ತೊಳೆಯಲೇಬೇಡಿ. ಒಂದು ಕಾಳಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ, ಹನಿ ಬಿದ್ದ ಜಾಗ ಕಣ್ಣೆದುರೇ ಕುಸಿದು ಗುಂಡಿ ಬೀಳುತ್ತದೆ. ಅರಳಿದ ಹಿಟ್ಟು ನೀರು ತಾಗಿದ ಕೂಡಲೇ ಅಂಟಾಗಿ ಕುಗ್ಗಿಬಿಡುತ್ತದೆ. ಆಮೇಲೆ ಎಷ್ಟು ಹುರಿದರೂ ಆ ಗುಂಡಿ ಮೇಲೇಳೋದಿಲ್ಲ, ಗಟ್ಟಿ ಗಂಟಾಗಿ ಉಳಿಯುತ್ತದೆ. ದೂಳು ಇದ್ದರೆ ಜರಡಿಯಲ್ಲಿ ಆಡಿಸಿ, ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

100 ಗ್ರಾಂ ಹುರಿಯೋದು, ತಕ್ಕಡಿ ಇಟ್ಟುಕೊಂಡು

ಮಖಾನಾ ಹಗುರ, ಜಾಗ ಮಾತ್ರ ಜಾಸ್ತಿ ಬೇಕು. 100 ಗ್ರಾಂ ಅಂದರೆ ಮನೆಯ ಸಾಮಾನ್ಯ ಬಾಣಲೆ ತುಂಬಿಬಿಡುತ್ತದೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಇಲ್ಲದಿದ್ದರೆ ಕೆಳಗಿನ ಕಾಳಿನ ಹಬೆ ಮೇಲಿನ ಕಾಳಿಗೆ ಹತ್ತುತ್ತದೆ. ಅದಕ್ಕೇ ನಾನು 50 ಗ್ರಾಂನಂತೆ ಎರಡು ಸಲ ಹುರಿಯುತ್ತೇನೆ. ಬಾಣಲೆ ದಪ್ಪ ತಳದ್ದಾಗಿರಲಿ, ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು.

ಬಾಣಲೆಯನ್ನು ನಡು ಉರಿಯಲ್ಲಿ ಎರಡು ನಿಮಿಷ ಕಾಯಿಸಿ, ಉರಿ ಸಣ್ಣ ಮಾಡಿ, ಆಮೇಲೆ ಕಾಳು ಹಾಕಿ. ಎಣ್ಣೆ, ತುಪ್ಪ ಏನೂ ಬೇಡ. ಮೊದಲ ನಾಲ್ಕೈದು ನಿಮಿಷ ಆಗಾಗ ಕೈಯಾಡಿಸಿದರೆ ಸಾಕು. ಆಮೇಲೆ ಬಿಡದೆ ತಿರುವಬೇಕು. ಈ ಹೊತ್ತಿನಲ್ಲಿ ಕಿವಿಯೂ ಕೆಲಸಕ್ಕೆ ಬರುತ್ತದೆ. ಹಸಿ ಕಾಳು ಬಾಣಲೆಗೆ ತಾಗಿದಾಗ ಮೊಗ್ಗಿನಂತೆ ಮೆತ್ತಗೆ ಸದ್ದಿಲ್ಲದೆ ಉರುಳುತ್ತದೆ. ಒಣಗುತ್ತಾ ಬಂದಂತೆ ಒಣ ಬೆಂಡಿನ ತುಂಡು ಉರುಳಿದ ಹಾಗೆ ಟಕಟಕ ಸದ್ದು ಬರುತ್ತದೆ.

ಎಲ್ಲರೂ ಹೇಳುವ ಪರೀಕ್ಷೆ ಅಂದರೆ, ಒಂದು ಕಾಳನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ಅದರಲ್ಲಿ ಎರಡು ಮೋಸಗಳಿವೆ. ಬಿಸಿ ಕಾಳು ತಣ್ಣಗಿನದಕ್ಕಿಂತ ಮೆತ್ತಗಿರುತ್ತದೆ, ಹಾಗಾಗಿ ಬಾಣಲೆಯಿಂದ ತೆಗೆದ ಕಾಳನ್ನು ತಟ್ಟೆಯಲ್ಲಿ ಒಂದು ನಿಮಿಷ ಬಿಟ್ಟು ಆಮೇಲೆ ಹಿಸುಕಬೇಕು. ಎರಡನೆಯದು, ಸಣ್ಣ ಕಾಳನ್ನು ಆರಿಸಿಕೊಂಡರೆ ಎಲ್ಲವೂ ಆಗಿದೆ ಅನ್ನಿಸುತ್ತದೆ. ಯಾವಾಗಲೂ ಅಲ್ಲಿರುವುದರಲ್ಲೇ ದೊಡ್ಡ ಕಾಳನ್ನು ತೆಗೆಯಿರಿ. ಹಿಸುಕುವ ಬದಲು ಎರಡು ಹೋಳು ಮುರಿಯಿರಿ. ಲಟ್ ಅಂತ ಮುರಿದು ಅಂಚು ಒರಟಾಗಿದ್ದರೆ ಆಗಿದೆ. ನಡುವೆ ಒಂದು ಎಳೆ ಜಗ್ಗಿದ ಹಾಗಾದರೆ, ಇಲ್ಲವೇ ಹೊಟ್ಟೆಯ ಭಾಗ ಮಡಚಿದರೆ ಇನ್ನೂ ಮೂರ್ನಾಲ್ಕು ನಿಮಿಷ ಬೇಕು.

ಮನೆಯಲ್ಲಿ ಅಡುಗೆಯ ಸಣ್ಣ ತಕ್ಕಡಿ ಇದ್ದರೆ ಇದಕ್ಕಿಂತ ಖಚಿತ ದಾರಿ ಇದೆ. ಹೋದ ಆಗಸ್ಟಿನಲ್ಲಿ, ಮಳೆ ಹಿಡಿದ ಒಂದು ದಿನ, ನಾನು ಮಾಡಿದ ಲೆಕ್ಕ ಹೀಗಿತ್ತು. ಹಸಿ ಕಾಳು 50 ಗ್ರಾಂ. 6 ನಿಮಿಷಕ್ಕೆ ಇಳಿಸಿ ತೂಗಿದರೆ 48. ಬೆರಳಿಗೆ ಹೊರಗೆ ಗರಿ, ಒಳಗೆ ಜಗ್ಗು. 10 ನಿಮಿಷಕ್ಕೆ 46. ಈಗ ಹಿಸುಕಿದರೆ ಪುಡಿಯಾಗುತ್ತಿತ್ತು, ಹಿಂದೆಲ್ಲಾ ಇಲ್ಲಿಗೇ ನಿಲ್ಲಿಸುತ್ತಿದ್ದೆ. ನಿಲ್ಲಿಸದೆ ಇನ್ನೂ ಸಣ್ಣ ಉರಿ ಮಾಡಿ ಮುಂದುವರಿಸಿದೆ. 13 ನಿಮಿಷಕ್ಕೆ 45. 16 ನಿಮಿಷಕ್ಕೂ 45. ತೂಕ ಇಳಿಯೋದು ನಿಂತಿತು ಅಂದರೆ ಹೋಗಬೇಕಾದ ನೀರು ಹೋಯಿತು. ಆ 10ರಿಂದ 13ನೇ ನಿಮಿಷದ ನಡುವೆ ಹೋದ ಒಂದು ಗ್ರಾಂ ನೀರೇ ಎರಡನೇ ದಿನ ಡಬ್ಬಿಯಲ್ಲಿ ಕಾಳನ್ನು ಮೆತ್ತಗೆ ಮಾಡುತ್ತಿದ್ದದ್ದು. ಕಾಳಿನ ನಡುವಿನ ನೀರು ನಿಧಾನವಾಗಿ ಹೊರಮೈಗೆ ಹರಡುತ್ತದೆ, ಅದಕ್ಕೇ ಹುರಿದ ದಿನ ಚೆನ್ನಾಗಿದ್ದದ್ದು ಮರುದಿನ ಕೆಡುತ್ತದೆ.

ನಿಮ್ಮ ಕಾಳಿನ ಅಂಕಿ ಬೇರೆ ಬರಬಹುದು. ಅಂಕಿ ಮುಖ್ಯವಲ್ಲ, ತೂಕ ನಿಲ್ಲೋದು ಮುಖ್ಯ. ಎರಡು ಸಲ ಹೀಗೆ ತೂಗಿ ನೋಡಿದರೆ ನಿಮ್ಮ ಒಲೆಗೆ, ನಿಮ್ಮ ಬಾಣಲೆಗೆ ಎಷ್ಟು ನಿಮಿಷ ಅಂತ ಗೊತ್ತಾಗುತ್ತದೆ. ಆಮೇಲೆ ತಕ್ಕಡಿ ಬೇಕಿಲ್ಲ.

ಉರಿ ಜೋರು ಮಾಡಿ ಐದು ನಿಮಿಷಕ್ಕೆ ಮುಗಿಸೋಣ ಅನ್ನಿಸುತ್ತದೆ ಅಲ್ವಾ? ಮಾಡಬೇಡಿ. ಮಖಾನಾ ಒಳಗೆಲ್ಲಾ ಗಾಳಿ ತುಂಬಿದ ವಸ್ತು, ಬಿಸಿ ಒಳಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಜೋರು ಉರಿಗೆ ಹೊರಗೆ ಕಂದು ಬಣ್ಣ ಬಂದು ಸೀದ ವಾಸನೆ ಹೊಡೆಯುತ್ತದೆ, ಹೊಟ್ಟೆ ಹಾಗೇ ಇರುತ್ತದೆ. ಸರಿಯಾಗಿ ಹುರಿದ ಮಖಾನಾ ಹೆಚ್ಚು ಬಣ್ಣ ತಿರುಗೋದಿಲ್ಲ, ತೆಳು ಕೆನೆ ಬಣ್ಣಕ್ಕೆ ಬಂದರೆ ಹೆಚ್ಚು. ಓವನ್ ಇದ್ದವರು 130 ಡಿಗ್ರಿಯಲ್ಲಿ ಒಂದೇ ಪದರ ಹರಡಿ 20 ನಿಮಿಷ ಇಟ್ಟರೆ ಒಂದೇ ಸಮ ಆಗುತ್ತದೆ, ನಡುವೆ ಒಮ್ಮೆ ತಿರುವಿ ಹಾಕಿ.

ಆರಿಸುವ ಅರ್ಧ ಗಂಟೆ

ಹುರಿಯೋದಕ್ಕಿಂತ ಜಾಸ್ತಿ ಜನ ತಪ್ಪೋದು ಇಲ್ಲೇ. ಬಿಸಿ ಇರುವಾಗ ಮುಚ್ಚಿದರೆ ನನ್ನ ಡಬ್ಬಿಯ ಮುಚ್ಚಳದ ಕಥೆ. ಹಾಗಂತ ಚೆನ್ನಾಗಿ ಆರಲಿ ಅಂತ ರಾತ್ರಿಯಿಡೀ ತಟ್ಟೆಯಲ್ಲಿ ಬಿಟ್ಟರೆ, ಒಣಗಿದ ಕಾಳು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲೂ ನಸುಕಿನ ಗಾಳಿಯಲ್ಲಿ ಮಧ್ಯಾಹ್ನಕ್ಕಿಂತ ತೇವ ಜಾಸ್ತಿ ಇರುತ್ತದೆ, ಇದು ನೆನಪಿರಲಿ.

ಬೇಸಿಗೆಯಲ್ಲಿ ಅಗಲ ತಟ್ಟೆಯಲ್ಲಿ ಒಂದೇ ಪದರ ಹರಡಿ, ಫ್ಯಾನಿನ ಕೆಳಗೆ 15-20 ನಿಮಿಷ ಇಟ್ಟರೆ ಸಾಕು. ಮಳೆಗಾಲದಲ್ಲಿ ನಾನು ತಟ್ಟೆಗೆ ಹಾಕೋದೇ ಇಲ್ಲ. ಒಲೆ ಆರಿಸಿ ಅದೇ ಬಾಣಲೆಯಲ್ಲಿ ತೆರೆದೇ ಬಿಡುತ್ತೇನೆ, ಐದು ನಿಮಿಷಕ್ಕೊಮ್ಮೆ ಕೈಯಾಡಿಸುತ್ತೇನೆ. ಬಾಣಲೆಯ ಕಾವು ಇರುವವರೆಗೆ ಕಾಳು ತೇವ ಎಳೆಯೋದಿಲ್ಲ. ರಾಶಿಯ ನಡುವೆ ಕೈ ಹಾಕಿ ನೋಡಿ, ಒಂದು ಕಾಳನ್ನು ತುಟಿಗೆ ತಾಗಿಸಿ. ತುಟಿಗೆ ಬಿಸಿ ಗೊತ್ತಾಗದಿದ್ದರೆ ಆ ಕ್ಷಣವೇ ಡಬ್ಬಿಗೆ ಹಾಕಬೇಕು, ಇನ್ನೊಂದು ಕೆಲಸ ಮುಗಿಸಿ ಬರುತ್ತೇನೆ ಅನ್ನಬಾರದು.

ಡಬ್ಬಿ, ಮತ್ತು ನಮ್ಮ ಊರಿನ ಗಾಳಿ

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರೋದಿಲ್ಲ. ಈ ಬಿಸಿಲು ಸಂಡಿಗೆ, ಹಪ್ಪಳಕ್ಕೆ ಎಷ್ಟು ಒಳ್ಳೆಯದೋ ಮಖಾನಾಕ್ಕೂ ಅಷ್ಟೇ. ಬೆಳಿಗ್ಗೆ 11ಕ್ಕೆ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ, 3 ಗಂಟೆಗೆ ಒಳಗೆ ತನ್ನಿ. ಆಮೇಲೆ ಹುರಿದರೆ ಒಲೆಯ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಬರೀ ಬಿಸಿಲಲ್ಲೇ ಗರಿ ಬಂದರೂ ಹುರಿದ ಪರಿಮಳ ಬರೋದಿಲ್ಲ, ಹಾಗಾಗಿ ಏಳೆಂಟು ನಿಮಿಷ ಬಾಣಲೆ ಕಾಣಿಸಲೇಬೇಕು.

ಗಂಗಾವತಿ, ಸಿಂಧನೂರು ಕಡೆ ಸುತ್ತಲೂ ಕಾಲುವೆ, ನಿಂತ ನೀರಿನ ಭತ್ತದ ಗದ್ದೆ. ಜುಲೈಯಿಂದ ಅಕ್ಟೋಬರಿನವರೆಗೆ ಅಲ್ಲಿ ಸಂಜೆ ಉಪ್ಪಿನ ಡಬ್ಬಿಯೇ ಒದ್ದೆಯಾಗಿರುತ್ತದೆ. ಒಂದೇ ದಿನ ಹುರಿದ ಕಾಳನ್ನು ಅಕ್ಕನೂ ನಾನೂ ಹಂಚಿಕೊಂಡು ನೋಡಿದ್ದೇವೆ. ದಿನಾ ತೆಗೆದು ಮುಚ್ಚುವ ಡಬ್ಬಿಯಲ್ಲಿ ನನ್ನದು ಹತ್ತು ದಿನ ಗರಿಯಾಗಿತ್ತು, ಅವಳದು ಐದನೇ ದಿನಕ್ಕೆ ಮೆತ್ತಗಾಯಿತು.

ಅಲ್ಲಿಂದ ನಾವಿಬ್ಬರೂ ಒಂದು ಪಾಠ ಕಲಿತೆವು. ಮುಚ್ಚಿಟ್ಟ ಡಬ್ಬಿ ಕಾಳನ್ನು ಕೆಡಿಸೋದಿಲ್ಲ, ಮತ್ತೆ ಮತ್ತೆ ತೆಗೆಯೋದು ಕೆಡಿಸುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಒಣ ಗಾಳಿ ಹೋಗಿ ಹೊರಗಿನ ತೇವದ ಗಾಳಿ ತುಂಬುತ್ತದೆ. ದೊಡ್ಡ ಡಬ್ಬಿಯಲ್ಲಿ ಕಾಳು ಕಡಿಮೆಯಾದಷ್ಟು ಗಾಳಿ ಜಾಸ್ತಿ. ಅದಕ್ಕೇ ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಸಣ್ಣ ಗಾಜಿನ ಬಾಟಲಿ ಇಡಿ. ಎರಡು ಮೂರು ದಿನಕ್ಕೆ ಸಾಲುವಷ್ಟು ಒಂದೊಂದರಲ್ಲಿ, ಕತ್ತಿನವರೆಗೆ ತುಂಬಿ. ತಿರುಗಿಸಿ ಬಿಗಿಯುವ, ಒಳಗೆ ರಬ್ಬರಿನ ಬಳೆ ಇರುವ ಮುಚ್ಚಳ ಬೇಕು. ಸುಮ್ನೆ ಮೇಲೆ ಕೂರುವ ಮುಚ್ಚಳದ ಸ್ಟೀಲ್ ಡಬ್ಬಿ ಇರುವೆಯನ್ನು ತಡೆಯುತ್ತದೆ, ತೇವವನ್ನಲ್ಲ. ತೆಳು ಪ್ಲಾಸ್ಟಿಕ್ ಚೀಲವೂ ತೇವ ಬಿಡುತ್ತದೆ.

ಒಂದು ಹಳೆಯ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಎರಡು ಚಮಚ ಅಕ್ಕಿಯನ್ನು ಕೆಂಪಗಾಗುವವರೆಗೆ ಹುರಿದು, ಆರಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬಾಟಲಿಯ ತಳದಲ್ಲಿಡಿ. ಅಕ್ಕಿ ಸ್ವಲ್ಪ ತೇವವನ್ನು ತಾನು ಹೀರುತ್ತದೆ. ವಾರಕ್ಕೊಮ್ಮೆ ಮತ್ತೆ ಹುರಿದು ಇಡಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ತಣ್ಣನೆಯ ಬಾಟಲಿ ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ಕಾಳಿನ ಮೇಲೆ ತೇವ ಕೂರುತ್ತದೆ.

ಉಪ್ಪು, ಖಾರ ಹಾಕೋದು ಯಾವಾಗ

ನನ್ನ ಗಟ್ಟಿ ಅಭಿಪ್ರಾಯ ಹೇಳುತ್ತೇನೆ. ಇಡುವ ಮಖಾನಾ ಸಪ್ಪೆಯಾಗಿಯೇ ಇರಲಿ, ತಿನ್ನುವ ದಿನ ತಿನ್ನುವಷ್ಟಕ್ಕೆ ಮಾತ್ರ ಮಸಾಲೆ ಹಾಕಿ. ಕಾರಣ ಎರಡು. ಉಪ್ಪು, ಆಮಚೂರು, ಚಾಟ್ ಮಸಾಲೆ, ಸಕ್ಕರೆ ಇವೆಲ್ಲ ತೇವವನ್ನು ಎಳೆಯುವ ವಸ್ತುಗಳು. ಕಾಳಿನ ಮೈಗೆ ಅಂಟಿ ಕೂತರೆ ಎಳೆದ ತೇವವನ್ನು ಕಾಳಿಗೇ ಕೊಡುತ್ತವೆ. ಇನ್ನೊಂದು, ಮಖಾನಾದಲ್ಲಿ ಜಿಡ್ಡು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಸಪ್ಪೆ ಕಾಳಿಗೆ ಕಮಟು ವಾಸನೆ ಬರೋದಿಲ್ಲ. ನಾವು ಹಾಕುವ ಎಣ್ಣೆ, ತುಪ್ಪ, ಶೇಂಗಾ ಪುಡಿಗೆ ಆ ವಾಸನೆ ಬರುತ್ತದೆ, ನಮ್ಮ ಬೇಸಿಗೆಯ ಕಾವಿಗೆ ಬೇಗನೇ ಬರುತ್ತದೆ.

25 ಗ್ರಾಂ ಸಪ್ಪೆ ಮಖಾನಾ, ಅಂದರೆ ಇಬ್ಬರಿಗೆ ಸಂಜೆಯ ಚಹಾ ಜೊತೆಗೆ ಸಾಲುವಷ್ಟು, ಹೀಗೆ ಮಾಡಿ. ಬಾಣಲೆಯಲ್ಲಿ ಅರ್ಧ ಚಹಾ ಚಮಚ ತುಪ್ಪ ಕಾಯಿಸಿ ಒಲೆ ಆರಿಸಿಬಿಡಿ. ಒಂದು ಚಿಟಿಕೆ ಅರಿಶಿನ, ಕಾಲು ಚಮಚ ಬ್ಯಾಡಗಿ ಮೆಣಸಿನ ಪುಡಿ ತುಪ್ಪಕ್ಕೇ ಹಾಕಿ ಕಲಸಿ. ಒಲೆ ಉರಿಯುತ್ತಿರುವಾಗ ಹಾಕಿದರೆ ಖಾರ ಸೀದು ಕಹಿಯಾಗುತ್ತದೆ. ಕಾಳು ಹಾಕಿ ಎರಡು ನಿಮಿಷ ಹೊರಳಾಡಿಸಿ. ಕೊನೆಗೆ ಉಪ್ಪು, ಅದೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು. ದಪ್ಪ ಉಪ್ಪು ಕಾಳಿಗೆ ನಿಲ್ಲದೆ ತಳಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಇದರ ಮೇಲೆ ಒಂದು ಚಮಚ ಗುರೆಳ್ಳು ಚಟ್ನಿಪುಡಿ ಉದುರಿಸುತ್ತೇವೆ. ಮಂಡಕ್ಕಿಗೆ ಹೊಂದುವ ಹಾಗೇ ಮಖಾನಾಕ್ಕೂ ಅದು ಚೆನ್ನಾಗಿ ಹೊಂದುತ್ತದೆ. ಈರುಳ್ಳಿ, ಟೊಮೆಟೊ ಹಾಕೋದಾದರೆ ಬಾಯಿಗೆ ಇಡುವ ಕ್ಷಣದಲ್ಲಿ ಹಾಕಿ.

ಪ್ರಯಾಣಕ್ಕೆ ಮಸಾಲೆ ಹಾಕಿದ್ದೇ ಬೇಕು ಅಂದರೆ ಒಣ ಮಸಾಲೆಯನ್ನು ಪೊಟ್ಟಣ ಕಟ್ಟಿ ಬೇರೆ ಒಯ್ಯಿರಿ. ಬೆಲ್ಲದ ಮಖಾನಾ ಮಳೆಗಾಲದಲ್ಲಿ ಅದೇ ದಿನ ತಿಂದು ಮುಗಿಸಬೇಕಾದ ತಿಂಡಿ.

ಮೆತ್ತಗಾದದ್ದನ್ನು ಮತ್ತೆ ಗರಿ ಮಾಡೋದು

ಸಪ್ಪೆ ಕಾಳು ಮೆತ್ತಗಾದರೆ ಏನೂ ಹೋಗಿಲ್ಲ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಾಡಿಸಿ, ಬಾಣಲೆಯಲ್ಲೇ ಆರಿಸಿದರೆ ಮೊದಲಿನಂತೆ ಆಗುತ್ತದೆ. ಮಸಾಲೆ ಹಾಕಿದ್ದನ್ನು ಹೀಗೆ ಮಾಡಲು ಹೋದರೆ ಮಸಾಲೆ ಸೀಯುತ್ತದೆ, ಸಪ್ಪೆ ಇಡಿ ಅಂದದ್ದಕ್ಕೆ ಇದೂ ಒಂದು ಕಾರಣ. ಬಿಸಿಯಾದ ಮೇಲೂ ಹಳೆ ಎಣ್ಣೆಯ ವಾಸನೆ ಬಂದರೆ, ಇಲ್ಲವೇ ಕಾಳಿನ ಮೇಲೆ ಬೂದು ಬೂಸಲು ಕಂಡರೆ ಎಸೆಯಿರಿ. ಅದಕ್ಕೆ ಹುರಿಯೋದು ಪರಿಹಾರ ಅಲ್ಲ.

ನಿಜವಾದ ತಾವರೆ ಬೀಜ

ಪೂಜಾ ಸಾಮಾನಿನ ಅಂಗಡಿಯಲ್ಲಿ ಮಾಲೆಗೆಂದು ಮಾರುವ ಕಪ್ಪು ಕಮಲದ ಬೀಜವನ್ನು ತಿನ್ನಲು ತರಬೇಡಿ, ಅದು ತಿನ್ನಲಿಕ್ಕೆಂದು ಇಟ್ಟ ಮಾಲಲ್ಲ. ಚಿಪ್ಪು ಸಮೇತ ಬಾಣಲೆಗೆ ಹಾಕೋದೂ ಬೇಡ. ಆ ಚಿಪ್ಪು ಕಲ್ಲಿನಷ್ಟು ಗಟ್ಟಿ, ಒಳಗಿನ ಹಬೆಗೆ ಸಿಡಿದು ಕಣ್ಣಿಗೆ ಬೀಳಬಹುದು. ಚಿಪ್ಪು ತೆಗೆದ, ತಿನ್ನಲೆಂದೇ ಮಾರುವ ಬಿಳಿ ಬೀಜ ಸಿಕ್ಕರೆ ಅದನ್ನು ತನ್ನಿ.

ಮಖಾನಾಕ್ಕೆ ನೀರು ಶತ್ರುವಾದರೆ ಇದಕ್ಕೆ ನೀರಿಲ್ಲದೆ ಆಗೋದಿಲ್ಲ. ಒಂದು ಲೋಟ ಬೀಜವನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಒಂದೊಂದನ್ನೂ ಎರಡು ಬೇಳೆಯಾಗಿ ಬಿಡಿಸಿ. ನಡುವೆ ಹಸಿರು ಮೊಳಕೆ ಇರುತ್ತದೆ, ಹುಣಸೆ ಚಿಗುರಿನಷ್ಟು ಸಣ್ಣದು. ಅದು ಬೇವಿನಂತೆ ಕಹಿ, ಒಂದೂ ಬಿಡದೆ ತೆಗೆಯಿರಿ. ಆಮೇಲೆ ಉಪ್ಪು ಹಾಕಿದ ನೀರಿನಲ್ಲಿ 15-20 ನಿಮಿಷ ಬೇಯಿಸಿ. ಉಗುರು ಇಳಿಯಬೇಕು, ಆದರೆ ಹಿಚುಕಿದರೆ ಹಿಟ್ಟಾಗಬಾರದು. ಬಸಿದು, ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಎರಡು ಮೂರು ಗಂಟೆ ಆರಿಸಿ. ಮೇಲ್ಮೈ ಕೈಗೆ ಅಂಟದಂತಾದ ಮೇಲೆ ಒಂದು ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ 25 ನಿಮಿಷದವರೆಗೂ ಹುರಿಯಿರಿ.

ಇದು ಅರಳೋದಿಲ್ಲ. ಹುರಿಗಡಲೆಗಿಂತ ಸ್ವಲ್ಪ ಗಟ್ಟಿಯಾಗಿ, ಹೊಂಬಣ್ಣಕ್ಕೆ ಬಂದು, ಕಡಿದರೆ ಕಟುಕುಟು ಅನ್ನುತ್ತದೆ. ಮೊದಲ ಸಲ ಮಾಡಿದಾಗ ಬೇಯಿಸೋದನ್ನು ಬಿಟ್ಟು ನೆನೆಸಿದ್ದನ್ನೇ ಹುರಿದಿದ್ದೆ, ಆರಿದ ಮೇಲೆ ಬೆಣಚುಕಲ್ಲಿನಂತೆ ಆಗಿ ಯಾರಿಗೂ ಕಡಿಯಲಾಗಲಿಲ್ಲ. ಬೇಯಿಸಿದ ಕಾಳು ಆದ್ದರಿಂದ ಒಳಗೆ ಎಷ್ಟೋ ಕಡೆ ತೇವ ಉಳಿದೇ ಇರುತ್ತದೆ. ಹಾಗಾಗಿ ಇದನ್ನು ಮಖಾನಾದಂತೆ ವಾರಗಟ್ಟಲೆ ಇಡಲು ಹೋಗಬೇಡಿ. ಒಂದು ಲೋಟದಷ್ಟೇ ಮಾಡಿ, ಎರಡು ಮೂರು ದಿನದಲ್ಲಿ ತಿಂದು ಮುಗಿಸಿ.